ಮೂವತ್ತು ಸಾವಿರದ ಆಫರ್, ಹದಿನೆಂಟೂವರೆ ಸಾವಿರದ ಸಂಬಳ

ನಮ್ಮ ಅಕ್ಕನ ಮನೆ ಕೋಲಾರದ ಹತ್ತಿರದ ಒಂದು ಹಳ್ಳಿಯಲ್ಲಿದೆ. ಭಾವ ಟೊಮೆಟೊ ಬೆಳೆಯುತ್ತಾರೆ, ಜೊತೆಗೆ ಎರಡು ಹಸು. ಮಗಳು ಇಂಜಿನಿಯರಿಂಗ್ ಮುಗಿಸಿ, ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 3,60,000 ರೂಪಾಯಿ ಸಿಟಿಸಿ ಅಂತ ಇತ್ತು. ಭಾವ ಹನ್ನೆರಡರಿಂದ ಭಾಗಿಸಿದರು. ತಿಂಗಳಿಗೆ 30,000. ಎಜುಕೇಶನ್ ಲೋನಿನ ಕಂತಿಗೆ ಇಷ್ಟು, ಚೀಟಿಗೆ ಇಷ್ಟು, ಅವಳ ಖರ್ಚಿಗೆ ಇಷ್ಟು ಅಂತ ಅವತ್ತೇ ಲೆಕ್ಕ ಹಾಕಿಬಿಟ್ಟರು.

ಮೊದಲ ತಿಂಗಳ ಸಂಬಳ ಕಡಿಮೆ ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಿಂಗಳ ಮಧ್ಯೆ ಸೇರಿದ್ದಳಲ್ಲ. ಎರಡನೇ ತಿಂಗಳು, ಒಂದು ದಿನವೂ ರಜೆ ಹಾಕದೆ ದುಡಿದ ಮೇಲೆ, ಖಾತೆಗೆ ಬಿದ್ದದ್ದು 18,546. ಭಾವ ನನಗೆ ಫೋನ್ ಮಾಡಿದರು. ನಾನು ಹಲವು ವರ್ಷ ಕಾರ್ಖಾನೆಗಳಲ್ಲಿ ಸಂಬಳದ ಲೆಕ್ಕ ಬರೆದವನು. ಅದಕ್ಕೇ ಇಂಥ ಫೋನ್‌ಗಳು ನನಗೇ ಬರುತ್ತವೆ.

"ಹನ್ನೊಂದೂವರೆ ಸಾವಿರ ಹಿಡ್ಕೊಂಡವ್ರೆ ಕಣಯ್ಯ. ಇದೇನು ಸಂಬಳನಾ, ಸುಲಿಗೆನಾ?"

ಸ್ಯಾಲರಿ ಸ್ಲಿಪ್ ಕಳಿಸಿ ಅಂದೆ. ವಾಟ್ಸಾಪ್‌ನಲ್ಲಿ ಬಂತು. ನೋಡಿದರೆ ಅದರಲ್ಲಿ ಹಿಡಿದದ್ದು ಬರೀ 1,954 ರೂಪಾಯಿ. ಪಿಎಫ್ 1,800, ಇಎಸ್‌ಐ 154. ಅಷ್ಟೇ.

ಜನ ಸಾಮಾನ್ಯವಾಗಿ ಎಡವುವುದು ಇಲ್ಲೇ. ಸಂಬಳ ಕಡಿಮೆ ಬಂತು ಅಂದರೆ ಸ್ಲಿಪ್‌ನ ಕಟಾವಣೆಯ ಕಾಲಂ ನೋಡುತ್ತಾರೆ. ಅಲ್ಲಿ ಕಾಣೆಯಾದ ದುಡ್ಡಿನ ಲೆಕ್ಕ ಸಿಗುವುದಿಲ್ಲ. ಇವಳ ವಿಷಯದಲ್ಲಿ ಒಟ್ಟು ವ್ಯತ್ಯಾಸ 11,454. ಅದರಲ್ಲಿ ಸುಮಾರು ಆರನೇ ಒಂದು ಪಾಲು ಮಾತ್ರ ಸ್ಲಿಪ್‌ನಲ್ಲಿ ಕಟ್ಟಾದದ್ದು. ಉಳಿದ 9,500 ಸ್ಲಿಪ್‌ಗೆ ಬಂದೇ ಇಲ್ಲ. ಬಂದೇ ಇಲ್ಲದ ದುಡ್ಡು ಕಟ್ ಆಗುವುದಾದರೂ ಹೇಗೆ?

ಭಾವನಿಗೆ ಟೊಮೆಟೊ ಭಾಷೆಯಲ್ಲೇ ಹೇಳಬೇಕಾಯಿತು. ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸಿಗೆ 300 ಅಂತ ಹರಾಜಾಯಿತು ಅಂದುಕೊಳ್ಳಿ. ಅದರಲ್ಲಿ ಕೂಲಿ, ಗಾಡಿ ಬಾಡಿಗೆ ಕಳೆದು ಉಳಿದದ್ದು ರೈತನ ಕೈಗೆ. ಇದು ಎಲ್ಲರಿಗೂ ಗೊತ್ತಿರುವ ಕಟಾವಣೆ. ಆದರೆ ಕೊಳ್ಳುವವನು ಬಂದು, "ನಿಮ್ಮ ಟೊಮೆಟೊಗೆ ನಾನು ಬಾಕ್ಸಿಗೆ 450 ಹಾಕ್ತಿದೀನಿ" ಅನ್ನುತ್ತಾನೆ. ಆಮೇಲೆ ನೋಡಿದರೆ, ಆ 450ರಲ್ಲಿ ಮಾಲನ್ನು ಚೆನ್ನೈಗೆ ಸಾಗಿಸುವ ಅವನ ಲಾರಿ ಬಾಡಿಗೆಯೂ ಸೇರಿದೆ. ಅವನು ಹೇಳಿದ್ದು ಸುಳ್ಳಲ್ಲ. ಅವನಿಗೆ ಆ ಬಾಕ್ಸಿನ ಮೇಲೆ ಆಗುವ ಖರ್ಚು ನಿಜವಾಗಿಯೂ 450. ಆದರೆ ಅದು ರೈತನಿಗೆ ಸಿಗುವ ಬೆಲೆ ಅಲ್ಲವೇ ಅಲ್ಲ.

ಸಿಟಿಸಿ ಅಂದರೆ ಕಾಸ್ಟ್ ಟು ಕಂಪನಿ. ಹೆಸರಲ್ಲೇ ಇದೆ. ಒಬ್ಬ ನೌಕರನನ್ನು ಇಟ್ಟುಕೊಂಡರೆ ಕಂಪನಿಗೆ ವರ್ಷಕ್ಕೆ ಒಟ್ಟು ಎಷ್ಟು ಖರ್ಚು ಬೀಳುತ್ತದೆ ಅನ್ನುವ ಲೆಕ್ಕ ಅದು. ಕಂಪನಿಯ ಬಜೆಟ್‌ಗೆ ಬೇಕಾದ ಅಂಕಿ. ಅದು ಯಾವಾಗಲೋ ಆಫರ್ ಲೆಟರ್‌ನ ಮೊದಲ ಪುಟಕ್ಕೆ ಬಂದು ಕೂತಿತು. ಸಿಟಿಸಿಯಲ್ಲಿ ಏನೇನು ಸೇರಿಸಬೇಕು, ಏನನ್ನು ಸೇರಿಸಬಾರದು ಅನ್ನುವುದಕ್ಕೆ ಕಾನೂನಿನಲ್ಲಿ ಅಳತೆ ಇಲ್ಲ. ಒಂದು ಕಂಪನಿ ಬಸ್ಸಿನ ಖರ್ಚನ್ನೂ ಸೇರಿಸುತ್ತದೆ, ಪಕ್ಕದ್ದು ಸೇರಿಸುವುದಿಲ್ಲ.

ಇವಳ ಆಫರ್ ಲೆಟರ್‌ನ ಕೊನೆಯಲ್ಲಿ ಒಂದು ಅನೆಕ್ಷರ್ ಇತ್ತು. ಸಣ್ಣ ಅಕ್ಷರದ ಕೋಷ್ಟಕ. ಅದನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ತಿಂಗಳ ಲೆಕ್ಕಕ್ಕೆ ಇಳಿಸಿದರೆ ಅದರಲ್ಲಿ ಇದ್ದದ್ದು ಹೀಗೆ. ಬೇಸಿಕ್ 15,000, ಮನೆ ಬಾಡಿಗೆ ಭತ್ಯೆ 3,000, ಸ್ಪೆಷಲ್ ಅಲೋವೆನ್ಸ್ 2,500. ಈ ಮೂರೂ ಸೇರಿ 20,500. ಇದನ್ನೇ ಗ್ರಾಸ್ ಅನ್ನುವುದು. ಸ್ಯಾಲರಿ ಸ್ಲಿಪ್ ಶುರುವಾಗುವುದೇ ಇಲ್ಲಿಂದ. ಇದರ ಕೆಳಗೆ ಇನ್ನೂ ಆರು ಸಾಲು ಇದ್ದವು. ಕಂಪನಿಯ ಪಾಲಿನ ಪಿಎಫ್ 1,950, ಕಂಪನಿಯ ಪಾಲಿನ ಇಎಸ್‌ಐ 667, ಗ್ರಾಚುಟಿ 721, ಬೋನಸ್ 1,250, ವೇರಿಯಬಲ್ ಪೇ 2,500, ಬಸ್ಸು ಮತ್ತು ಕ್ಯಾಂಟೀನ್ 2,412. ಈ ಆರನ್ನು ಕೂಡಿಸಿದರೆ ಸರಿಯಾಗಿ 9,500.

ಭಾವ ಹುಡುಕುತ್ತಿದ್ದ ದುಡ್ಡು ಇದೇ. ಆದರೆ ಈ ಆರು ಸಾಲೂ ಒಂದೇ ಜಾತಿಯವಲ್ಲ. ಕೆಲವು ಅವಳ ದುಡ್ಡೇ, ಆದರೆ ತಡವಾಗಿ ಬರುತ್ತದೆ. ಕೆಲವು ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಕೆಲವು ದುಡ್ಡಾಗಿ ಅವಳ ಕೈಗೆ ಯಾವತ್ತೂ ಬರುವುದಿಲ್ಲ.

ಮೊದಲು ಪಿಎಫ್. ಇದರ ಬಗ್ಗೆಯೇ ಜಾಸ್ತಿ ಗೊಂದಲ. ಬೇಸಿಕ್‌ನ ಶೇ 12ರಷ್ಟನ್ನು ನೌಕರ ಕೊಡಬೇಕು, ಅಷ್ಟನ್ನೇ ಕಂಪನಿಯೂ ಕೊಡಬೇಕು. 15,000ಕ್ಕೆ ಶೇ 12 ಅಂದರೆ 1,800. ಕಂಪನಿಗೆ ಇದರ ಜೊತೆಗೆ ಆಡಳಿತ ಶುಲ್ಕ 75, ವಿಮೆಯ ಕಂತು 75. ಹಾಗಾಗಿ ಅವರ ಲೆಕ್ಕದಲ್ಲಿ 1,950. ಕಂಪನಿ ತನ್ನ ಪಾಲನ್ನು ನೌಕರರ ಸಂಬಳದಿಂದ ಹಿಡಿಯುವಂತಿಲ್ಲ, ಇದು ಪಿಎಫ್ ಕಾನೂನಿನಲ್ಲೇ ಇದೆ. ಅದಕ್ಕೇ ಅವರು ಹಿಡಿಯುವುದಿಲ್ಲ. ಸಂಬಳ ನಿಗದಿ ಮಾಡುವ ಮೊದಲೇ ಅದನ್ನು ಸಿಟಿಸಿಯೊಳಗೆ ಇಟ್ಟು, ಉಳಿದದ್ದನ್ನು ಸಂಬಳ ಅನ್ನುತ್ತಾರೆ. ಕಾಗದದ ಮೇಲೆ ಸರಿ. ಆದರೆ 30,000ದಿಂದ ನೋಡಿದರೆ ಪಿಎಫ್ ಎರಡು ಸಲ ಹೋದ ಹಾಗೆ ಕಾಣುತ್ತದೆ. ಒಮ್ಮೆ ಸ್ಲಿಪ್‌ಗೆ ಬರುವ ಮೊದಲು 1,950, ಇನ್ನೊಮ್ಮೆ ಸ್ಲಿಪ್‌ನಲ್ಲಿ 1,800.

ಇದರ ನಂತರ ಇನ್ನೊಂದು ಫೋನ್ ಬರುತ್ತದೆ ಅಂತ ನನಗೆ ಗೊತ್ತಿತ್ತು, ಬಂತು. ಅವಳು ಯುಎಎನ್, ಅಂದರೆ ತನ್ನ ಪಿಎಫ್ ಸಂಖ್ಯೆ ಹಾಕಿ ಪಿಎಫ್ ಪಾಸ್‌ಬುಕ್ ತೆಗೆದು ನೋಡಿದ್ದಾಳೆ. "ಮಾಮ, ನನ್ನದು 1,800 ಸರಿಯಾಗಿದೆ. ಕಂಪನಿಯದು 550 ಅಂತ ಇದೆ. ಮಿಕ್ಕಿದ್ದು ತಿಂದುಬಿಟ್ರಾ?" ತಿಂದಿಲ್ಲ. ಕಂಪನಿಯ ಪಾಲಿನ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗುತ್ತದೆ. ಪಾಸ್‌ಬುಕ್‌ನಲ್ಲಿ ಅದಕ್ಕೆ ಬೇರೆ ಕಾಲಂ ಇದೆ. ಉಳಿದ 550 ಮಾತ್ರ ಅವಳ ಪಿಎಫ್ ಮೊತ್ತಕ್ಕೆ ಸೇರುತ್ತದೆ. ಅಂದರೆ ಬಡ್ಡಿ ಬೆಳೆಯುವ ಉಳಿತಾಯ ತಿಂಗಳಿಗೆ 2,350, ವರ್ಷಕ್ಕೆ 28,200. ಪಿಂಚಣಿಯ ಭಾಗಕ್ಕೆ ಹೀಗೆ ಬಡ್ಡಿ ಕೂಡುತ್ತಾ ಹೋಗುವುದಿಲ್ಲ. ತಿಂಗಳ ಪಿಂಚಣಿಯ ಹಕ್ಕು ಬರಬೇಕಾದರೆ ಒಟ್ಟು ಹತ್ತು ವರ್ಷದ ಸೇವೆ ಆಗಬೇಕು. ಕಂಪನಿ ಬದಲಾದರೂ ಪರವಾಗಿಲ್ಲ, ಅದೇ ಯುಎಎನ್ ಮುಂದುವರಿಸಿದರೆ ಸೇವೆ ಕೂಡಿಕೊಳ್ಳುತ್ತದೆ. ಹೊಸ ಕಂಪನಿಯಲ್ಲಿ ಹೊಸ ಯುಎಎನ್ ಮಾಡಿಸಿಕೊಂಡು ಹಳೆಯದನ್ನು ಮರೆತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಎಸ್‌ಐ ಲೆಕ್ಕ ಸರಳ. ತಿಂಗಳ ಸಂಬಳ 21,000 ದಾಟದವರಿಗೆ ಇದು ಕಡ್ಡಾಯ. ನೌಕರರದು ಶೇ 0.75, ಕಂಪನಿಯದು ಶೇ 3.25. ಇದು ವಾಪಸ್ ಬರುವ ದುಡ್ಡಲ್ಲ, ಚಿಕಿತ್ಸೆಯ ರೂಪದಲ್ಲಿ, ಇಲ್ಲವೇ ಕಾಯಿಲೆ, ಹೆರಿಗೆಯ ರಜೆಯಲ್ಲಿ ಭತ್ಯೆಯ ರೂಪದಲ್ಲಿ ಸಿಗುತ್ತದೆ. ಹಾಗಂತ ಬೈಯುವ ಮೊದಲು ಒಂದು ವಿಷಯ ನೋಡಬೇಕು. ಆದಾಯದ ಮಿತಿಯೊಳಗೆ ಇರುವ ಅವಲಂಬಿತ ತಂದೆ ತಾಯಿಗೂ ಇದರಲ್ಲಿ ಚಿಕಿತ್ಸೆ ಇದೆ. ಹೊರಗೆ ಆ ವಯಸ್ಸಿನ ಇಬ್ಬರಿಗೆ ಆರೋಗ್ಯ ವಿಮೆ ಮಾಡಿಸಲು ಹೋದರೆ, ಎರಡೂ ಪಾಲು ಸೇರಿದ ತಿಂಗಳ 821 ರೂಪಾಯಿಗೆ ಸಿಗುವುದು ಕಷ್ಟ. ಡಿಸ್ಪೆನ್ಸರಿಯ ಸಾಲಿನಲ್ಲಿ ನಿಲ್ಲುವ ಕಷ್ಟ ಬೇರೆ ಮಾತು.

ಬೋನಸ್ 1,250 ಅವಳದೇ, ವರ್ಷಕ್ಕೊಮ್ಮೆ ಒಟ್ಟಿಗೆ 15,000 ಬರುತ್ತದೆ. ಬೇಸಿಕ್‌ನ ಶೇ 8.33ರಂತೆ ಹಾಕಿದ್ದಾರೆ. ಕಾನೂನು ಹೇಳುವ ಕನಿಷ್ಠ ದರ ಅದೇ. ಹಬ್ಬಕ್ಕೆ ಕಂಪನಿ ಖುಷಿಯಿಂದ ಕೊಡುವ ಉಡುಗೊರೆ ಅಂತ ನಮ್ಮಲ್ಲಿ ಅಂದುಕೊಳ್ಳುತ್ತಾರಲ್ಲ, ಆ ಬೋನಸ್ ಈಗ ಅವಳ ಸಿಟಿಸಿಯೊಳಗೇ ಕೂತಿದೆ. ಬೇರೆ ಇನ್ನೊಂದು ಬರುವುದಿಲ್ಲ.

ಗ್ರಾಚುಟಿಯ 721 ನನಗೆ ಯಾವಾಗಲೂ ಕಸಿವಿಸಿ ತರುವ ಸಾಲು. ಕೆಲಸ ಬಿಡುವಾಗ ಕೊಡುವ ದುಡ್ಡು ಇದು, ಒಂದು ವರ್ಷದ ಸೇವೆಗೆ ಹದಿನೈದು ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಹಿಡಿದು. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಬೇಸಿಕ್‌ನ ಶೇ 4.81. ಆದರೆ ಕಾಯಂ ನೌಕರರಿಗೆ ಇದು ಸಿಗುವುದು ಐದು ವರ್ಷ ಅಲ್ಲೇ ದುಡಿದ ಮೇಲೆ. ಪಿಎಫ್ ಥರ ಇದಕ್ಕೆ ಅವಳ ಹೆಸರಿನ ಖಾತೆ ಇಲ್ಲ, ಪಾಸ್‌ಬುಕ್ ಇಲ್ಲ. ಮೂರು ವರ್ಷಕ್ಕೆ ಬಿಟ್ಟು ಹೋದರೆ, ಆಫರ್ ಲೆಟರ್‌ನಲ್ಲಿ ಅವಳ ಲೆಕ್ಕಕ್ಕೆ ತೋರಿಸಿದ ಸುಮಾರು 26,000 ಕಂಪನಿಯಲ್ಲೇ ಉಳಿಯುತ್ತದೆ. ಇಂಜಿನಿಯರಿಂಗ್ ಮುಗಿಸಿದ ಹುಡುಗರು ಮೊದಲ ಕೆಲಸದಲ್ಲಿ ಐದು ವರ್ಷ ಇರುವುದು ಅಪರೂಪ. ಕಂಪನಿಗಳಿಗೆ ಇದು ಗೊತ್ತಿಲ್ಲ ಅಂತ ಹೇಗೆ ನಂಬುವುದು? 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ, ಇಷ್ಟು ಅವಧಿಗೆ ಅಂತ ನಿಗದಿ ಮಾಡಿ ನೇಮಿಸಿಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚುಟಿ ಸಿಗುತ್ತದೆ. ಇವಳದು ಕಾಯಂ ನೇಮಕ. ಹಾಗಾಗಿ ಐದು ವರ್ಷದ ಲೆಕ್ಕವೇ.

ವೇರಿಯಬಲ್ ಪೇ ಇನ್ನೂ ಜಾರುವ ಸರಕು. ವರ್ಷಕ್ಕೆ 30,000. ಲೆಟರ್‌ನ ವಾಕ್ಯ ಹೀಗಿತ್ತು: ಕಂಪನಿಯ ಮತ್ತು ನೌಕರರ ಸಾಧನೆಯನ್ನು ನೋಡಿ, ಜುಲೈ ತಿಂಗಳ ಸಂಬಳದ ಜೊತೆ, ಆ ದಿನ ಕೆಲಸದಲ್ಲಿ ಇರುವವರಿಗೆ. ಒಂದೇ ವಾಕ್ಯದಲ್ಲಿ ಮೂರು ಬಾಗಿಲು. ಕಂಪನಿಗೆ ವರ್ಷ ಚೆನ್ನಾಗಿಲ್ಲದಿದ್ದರೆ ಒಂದು ಮುಚ್ಚುತ್ತದೆ. ಮ್ಯಾನೇಜರ್ ಕೊಟ್ಟ ರೇಟಿಂಗ್ ಕಡಿಮೆಯಾದರೆ ಇನ್ನೊಂದು. ಜೂನ್ ಕೊನೆಗೆ ಕೆಲಸ ಬಿಟ್ಟರೆ, ವರ್ಷವಿಡೀ ದುಡಿದಿದ್ದರೂ ಮೂರನೆಯದು. ಇದು ಮೋಸ ಅಂತ ನಾನು ಹೇಳುವುದಿಲ್ಲ. ಆದರೆ 30,000 ಸಿಗಬಹುದು ಅನ್ನುವುದನ್ನು 30,000 ಸಿಗುತ್ತದೆ ಅನ್ನುವ ಸಾಲುಗಳ ಜೊತೆ ಕೂಡಿಸಿ ಒಂದೇ ಮೊತ್ತ ತೋರಿಸುವುದು ಸರಿಯಲ್ಲ. ಇಂಟರ್‌ವ್ಯೂ ಸಮಯದಲ್ಲಿ, ಹೋದ ವರ್ಷ ಈ ಹುದ್ದೆಯವರಿಗೆ ಇದರಲ್ಲಿ ಶೇಕಡ ಎಷ್ಟು ಕೊಟ್ಟಿರಿ ಅಂತ ಕೇಳಬೇಕು. ನೇರ ಉತ್ತರ ಬಂದರೆ ಆ ಅಂಕಿ ಹಿಡಿಯಿರಿ. ಉತ್ತರ ಸುತ್ತಿ ಬಳಸಿ ಬಂದರೆ ಸೊನ್ನೆ ಹಿಡಿಯಿರಿ.

ಬಸ್ಸು, ಕ್ಯಾಂಟೀನಿನ 2,412 ಊಟವಾಗಿ, ಪ್ರಯಾಣವಾಗಿ ಸಿಗುತ್ತದೆ. ಬಸ್ಸು ಹತ್ತದಿದ್ದರೆ ದುಡ್ಡು ವಾಪಸ್ ಕೊಡುವುದಿಲ್ಲ. ಕೆಲವು ಕಡೆ ಇನ್ನೊಂದು ಥರ ಮಾಡುತ್ತಾರೆ. ಕಂಪನಿಯ ಪಾಲನ್ನು ಸಿಟಿಸಿಯಲ್ಲಿ ತೋರಿಸಿ, ನೌಕರರ ಪಾಲು ಅಂತ ಮತ್ತಷ್ಟನ್ನು ಸ್ಲಿಪ್‌ನಲ್ಲಿ ಹಿಡಿಯುತ್ತಾರೆ. ಇವಳಿಗೆ ಹಾಗೆ ಆಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕ ಒಳಗಿನಿಂದ ಇನ್ನೊಂದು ಕಾಗದ ತಂದಳು. ಮಾಲೂರಿನ ಒಂದು ಸಣ್ಣ ಕಂಪನಿಯ ಆಫರ್. ವರ್ಷಕ್ಕೆ 3,00,000. "ಅರವತ್ತು ಸಾವಿರ ಕಡಿಮೆ ಅಂತ ಬೇಡ ಅಂದ್ವಿ" ಅಂದಳು. ನಾನು ಅದರ ಅನೆಕ್ಷರ್ ತೆಗೆದೆ. ತಿಂಗಳಿಗೆ 25,000ದಲ್ಲಿ ಗ್ರಾಸ್ 22,200. ಕಂಪನಿಯ ಪಿಎಫ್ 1,950, ಗ್ರಾಚುಟಿ 721, ಅಪಘಾತ ವಿಮೆಗೆ 129. ಅಷ್ಟೇ. ವೇರಿಯಬಲ್ ಇಲ್ಲ, ಬೋನಸ್ ಸಿಟಿಸಿಯ ಹೊರಗೆ. ಗ್ರಾಸ್ 21,000 ದಾಟಿದ್ದರಿಂದ ಇಎಸ್‌ಐ ಇಲ್ಲ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಶುರುವಾಗುವುದು 25,000 ಸಂಬಳದಿಂದ, ಹಾಗಾಗಿ ಅದೂ ಇಲ್ಲ. ಆದಾಯ ತೆರಿಗೆಯ ಪ್ರಶ್ನೆಯೇ ಇಲ್ಲ, ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. 22,200ರಲ್ಲಿ 1,800 ಪಿಎಫ್ ಕಳೆದರೆ ಕೈಗೆ 20,400.

ಮೂರು ಲಕ್ಷದ ಕೆಲಸ, 3.6 ಲಕ್ಷದ ಕೆಲಸಕ್ಕಿಂತ ತಿಂಗಳಿಗೆ 1,854 ರೂಪಾಯಿ ಜಾಸ್ತಿ ಕೊಡುತ್ತಿತ್ತು. ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗಂತ ಮಾಲೂರಿನದೇ ಒಳ್ಳೆಯದಿತ್ತು ಅಂತಲೂ ಅಲ್ಲ. ಅಲ್ಲಿ ಕಂಪನಿ ಬಸ್ಸಿಲ್ಲ. ಹಗಲು ಪಾಳಿಯಾದರೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡಬಹುದು, ರಾತ್ರಿ ಪಾಳಿಗೆ ಬಸ್ಸು ಎಲ್ಲಿಂದ ತರುವುದು? ಮಧ್ಯಾಹ್ನದ ಊಟ ಸ್ವಂತ ಖರ್ಚು. ಅಕ್ಕ ಭಾವನಿಗೆ ಇಎಸ್‌ಐ ಚಿಕಿತ್ಸೆ ಇರುತ್ತಿರಲಿಲ್ಲ. ನರಸಾಪುರದಲ್ಲಿ ವೇರಿಯಬಲ್ ಪೂರ್ತಿ ಬಂದರೆ ವರ್ಷದ ಲೆಕ್ಕ ತಿರುಗಿಬಿಡುತ್ತದೆ. ಇವನ್ನೆಲ್ಲ ತೂಗಿ ಒಂದನ್ನು ಆರಿಸುವುದು ಬೇರೆ. 3.6 ದೊಡ್ಡದು, 3 ಚಿಕ್ಕದು ಅಂತ ಆರಿಸುವುದು ಬೇರೆ. ಹೋಲಿಸಬೇಕಾದದ್ದು ಎರಡು ಗ್ರಾಸ್‌ಗಳನ್ನು, ಎರಡು ಸಿಟಿಸಿಗಳನ್ನಲ್ಲ.

ಹಳೆಯ ನೌಕರರು ಇವಳ ಸ್ಲಿಪ್ ನೋಡಿ, ನಮ್ಮ ಕಾಲದಲ್ಲಿ ಪಿಎಫ್ ಇಷ್ಟು ಹಿಡಿಯುತ್ತಿರಲಿಲ್ಲ ಅಂದರಂತೆ. ಅವರು ಹೇಳಿದ್ದೂ ನಿಜ. ಮೊದಲು ಅನೇಕ ಕಂಪನಿಗಳು ಬೇಸಿಕ್ ಕಡಿಮೆ ಇಟ್ಟು, ಉಳಿದದ್ದನ್ನು ನಾನಾ ಹೆಸರಿನ ಭತ್ಯೆಗಳಲ್ಲಿ ಹಂಚುತ್ತಿದ್ದವು. ಬೇಸಿಕ್ 9,000 ಇದ್ದರೆ ಪಿಎಫ್ 1,080 ಮಾತ್ರ. ಕೈಗೆ ಜಾಸ್ತಿ, ಉಳಿತಾಯಕ್ಕೆ ಕಡಿಮೆ. ಹೊಸ ಸಂಹಿತೆಯ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ದಾಟಿದರೆ, ದಾಟಿದ ಭಾಗವನ್ನು ವೇತನ ಅಂತಲೇ ಲೆಕ್ಕ ಹಿಡಿಯಬೇಕು. ಬೇಸಿಕ್ 15,000ಕ್ಕಿಂತ ಕೆಳಗೆ ಇದ್ದವರಿಗೆ ಇದರಿಂದ ಪಿಎಫ್ ಜಾಸ್ತಿಯಾಗಿ ಕೈಗೆ ಬರುವುದು ಇಳಿಯಬಹುದು. ಪಿಎಫ್‌ನ ಕಡ್ಡಾಯ ಮಿತಿಯೇ 15,000 ಆದ್ದರಿಂದ, ಆಗಲೇ 1,800 ಕಟ್ಟುತ್ತಿದ್ದು, ಕಂಪನಿಯೂ ಆ ಮಿತಿಗೇ ನಿಂತಿದ್ದರೆ ಏನೂ ಬದಲಾಗುವುದಿಲ್ಲ. ಆದರೆ ಗ್ರಾಚುಟಿಗೆ ಅಂಥ ಮಿತಿ ಇಲ್ಲ. ವೇತನದ ಭಾಗ ಬೆಳೆದ ಹಾಗೆ ಅದರ ಸಾಲೂ ಬೆಳೆಯುತ್ತದೆ. ಸಿಟಿಸಿ ಮೊದಲಿನಷ್ಟೇ ಇದ್ದರೆ ಆ ದುಡ್ಡು ಬರಬೇಕಾದದ್ದು ಗ್ರಾಸ್‌ನಿಂದಲೇ.

ಇನ್ನು ನಿಜವಾಗಿಯೂ ಗಾಬರಿ ಪಡಬೇಕಾದ ಸ್ಲಿಪ್ ಯಾವುದು? ಗ್ರಾಸ್ 20,500 ಅಂತ ಹೇಳಿ, ಕಟಾವಣೆಯ ಕಾಲಂನಲ್ಲಿ ನೌಕರರ ಪಿಎಫ್ 1,800, ಅದರ ಕೆಳಗೆ ಕಂಪನಿಯ ಪಿಎಫ್ 1,950 ಅಂತ ಎರಡನ್ನೂ ಕಳೆದಿದ್ದರೆ ಹೆಚ್‌ಆರ್ ಹತ್ತಿರ ಹೋಗಿ ಕೇಳಲೇಬೇಕು. ಆಫರ್ ಲೆಟರ್‌ನಲ್ಲಿ ಕಂಪನಿಯ ಪಾಲು ಗ್ರಾಸ್‌ನ ಹೊರಗಿತ್ತೇ, ಒಳಗಿತ್ತೇ ಅಂತ ಅನೆಕ್ಷರ್ ಹಿಡಿದು ತೋರಿಸಿ ಕೇಳಬೇಕು. ಇನ್ನೊಂದು, ಸ್ಲಿಪ್‌ನಲ್ಲಿ ಪಿಎಫ್ ಹಿಡಿದು ಎರಡು ತಿಂಗಳಾದರೂ ಪಾಸ್‌ಬುಕ್‌ನಲ್ಲಿ ಒಂದು ಸಾಲೂ ಕಾಣದಿರುವುದು. ಗುತ್ತಿಗೆದಾರರ ಮೂಲಕ ಸೇರಿದವರಲ್ಲಿ ಇದನ್ನು ನಾನು ಜಾಸ್ತಿ ನೋಡಿದ್ದೇನೆ. ಸ್ಲಿಪ್ ಸುಂದರವಾಗಿರುತ್ತದೆ, ದುಡ್ಡು ಕಟ್ಟಿರುವುದಿಲ್ಲ.

ಭಾವ ಈಗ ಲೆಕ್ಕವನ್ನು 18,546ರಿಂದ ಶುರು ಮಾಡಿದ್ದಾರೆ. ಲೋನಿನ ಕಂತು ಹಾಗೇ ಇದೆ, ಚೀಟಿ ಚಿಕ್ಕದಾಯಿತು. ಅವಳ ಗೆಳತಿ ವೇಮಗಲ್ ಕಡೆಯ ಒಂದು ಕಂಪನಿಯಲ್ಲಿ 4.2 ಲಕ್ಷಕ್ಕೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಮೆಸೇಜ್ ಕಳಿಸಿದ್ದಾಳೆ. "ಗ್ರಾಸ್ ಎಷ್ಟು ಅಂತ ಕೇಳು" ಅಂತ ಇವಳು ತಿರುಗಿ ಬರೆದಿದ್ದಾಳೆ. ಉತ್ತರ ಏನೇ ಬಂದರೂ ಜುಲೈ ಸಂಬಳ ಬೀಳುವ ತನಕ ಅವಳು ಇಲ್ಲಿಂದ ಹೊರಡುವುದಿಲ್ಲವಂತೆ.